ನಾಲ್ಕು ಬಣ್ಣದ ಗೆರೆ, ಒಂದೇ ಬೂದು

ನಲವತ್ತು ಪುಟದ ವರದಿಯೊಂದನ್ನು ಹಲವು ಪ್ರತಿ ಮುದ್ರಿಸಬೇಕಿತ್ತು. ಬಣ್ಣದಲ್ಲಿ ತೆಗೆದರೆ ಖರ್ಚು ಹೆಚ್ಚು ಎಂದು ಪ್ರಿಂಟರಿನ ಆಯ್ಕೆಗಳಲ್ಲಿ ಗ್ರೇಸ್ಕೇಲ್ ಒತ್ತಿ ಕಳುಹಿಸಿದೆ. ಪಠ್ಯವೆಲ್ಲ ಚೆನ್ನಾಗಿಯೇ ಬಂತು. ಆದರೆ ಹನ್ನೆರಡನೆಯ ಪುಟದಲ್ಲಿ ನಾಲ್ಕು ಗೆರೆಗಳ ಒಂದು ಗ್ರಾಫ್ ಇತ್ತು: ನೀಲಿ, ಕಿತ್ತಳೆ, ಹಸಿರು, ಕೆಂಪು. ಕಾಗದದ ಮೇಲೆ ಕಿತ್ತಳೆ ಮಾತ್ರ ಸ್ವಲ್ಪ ತೆಳುವಾಗಿ ಕಾಣುತ್ತಿತ್ತು, ಉಳಿದ ಮೂರೂ ಒಂದೇ ತಾಯಿಯ ಮಕ್ಕಳಂತೆ ಇದ್ದವು. ಎರಡು ಗೆರೆಗಳು ಒಂದನ್ನೊಂದು ದಾಟಿದ ಮೇಲೆ ಯಾವುದು ಮೇಲೆ ಹೋಯಿತು, ಯಾವುದು ಕೆಳಗೆ ಇಳಿಯಿತು ಎಂದು ಹೇಳುವ ದಾರಿಯೇ ಇರಲಿಲ್ಲ. ಗ್ರಾಫ್ ಇದ್ದದ್ದೇ ಅದನ್ನು ತೋರಿಸಲು.

ತಪ್ಪು ಪ್ರಿಂಟರಿನದಲ್ಲ. ಬಣ್ಣವನ್ನು ಬೂದಾಗಿಸುವಾಗ ಏನಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಗ್ರಾಫ್ ಹೀಗಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ತಿಳಿಯುತ್ತದೆ.

ಪರದೆಯ ಪ್ರತಿ ಬಣ್ಣಕ್ಕೂ ಮೂರು ಅಂಕಿಗಳಿರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು 0ಯಿಂದ 255ರವರೆಗೆ. ಬೂದಿಗೆ ಇರುವುದು ಒಂದೇ ಅಂಕಿ: 0 ಎಂದರೆ ಕಪ್ಪು, 255 ಎಂದರೆ ಬಿಳಿ. ಮೂರನ್ನು ಒಂದಾಗಿಸಬೇಕೆಂದರೆ ಏನಾದರೂ ಕಳೆದುಹೋಗಲೇಬೇಕು. ಪಿಡಿಎಫ್ ಮಾನಕದಲ್ಲಿ ಇದಕ್ಕೆ ಹೇಳಿರುವ ಸೂತ್ರ ಇದು:

```
gray = 0.3 R + 0.59 G + 0.11 B
```

ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿಯೂ ನೀಲಿ ಕತ್ತಲಾಗಿಯೂ ಕಾಣುವುದರಿಂದ ಈ ತೂಕಗಳು. ಛಾಯಾಚಿತ್ರಗಳಿಗೆ ಇದು ಸರಿಯಾದ ಸೂತ್ರ. ಗ್ರಾಫಿನ ಗೆರೆಗಳಿಗೆ ಇದು ಶತ್ರು. ಯಾಕೆಂದರೆ ಗ್ರಾಫ್ ಬಿಡಿಸುವ ತಂತ್ರಾಂಶಗಳು ಬಣ್ಣಗಳನ್ನು ಆರಿಸುವಾಗ ಯಾವ ಗೆರೆಯೂ ಉಳಿದವುಗಳಿಗಿಂತ ಎದ್ದು ಕಾಣಬಾರದು ಎಂದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಹೊಳಪಿನಲ್ಲಿ ಇಟ್ಟಿರುತ್ತವೆ. ಪರದೆಯ ಮೇಲೆ ಸಭ್ಯತೆ ಎನಿಸುವ ಈ ಸಮಾನತೆಯೇ ಬೂದಿನಲ್ಲಿ ಮುಳುವಾಗುತ್ತದೆ.

ನನ್ನ ಗ್ರಾಫ್ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಪೈಥಾನ್ ಗ್ರಾಫ್ ತಂತ್ರಾಂಶದಲ್ಲಿ ಆದದ್ದು. ಅದು ತಾನಾಗಿಯೇ ಕೊಡುವ ಮೊದಲ ನಾಲ್ಕು ಬಣ್ಣಗಳನ್ನು ಸೂತ್ರಕ್ಕೆ ಹಾಕಿ ನೋಡೋಣ. ನೀಲಿ `#1f77b4`, ಅಂದರೆ 31, 119, 180. ಇದರ ಬೂದು 99. ಕೆಂಪು `#d62728`, ಅಂದರೆ 214, 39, 40. ಇದರ ಬೂದು 92. ಹಸಿರು `#2ca02c` 112ಕ್ಕೆ ಬರುತ್ತದೆ, ಕಿತ್ತಳೆ `#ff7f0e` 153ಕ್ಕೆ. ಪರದೆಯ ಮೇಲೆ ಹಗಲಿರುಳಿನಷ್ಟು ಬೇರೆಯಾಗಿದ್ದ ನೀಲಿಗೂ ಕೆಂಪಿಗೂ ಈಗ ಉಳಿದದ್ದು 255ರಲ್ಲಿ ಏಳು ಮೆಟ್ಟಿಲಿನ ಅಂತರ. ಆಫೀಸ್ ತಂತ್ರಾಂಶದ ಬಣ್ಣಗಳ ಕಥೆಯೂ ಬೇರೆಯಲ್ಲ. ಅದರ 2013–2022ರ ಬಣ್ಣದ ಗುಂಪಿನಲ್ಲಿ ತಿಳಿನೀಲಿ `#5B9BD5` 142 ಆದರೆ ಹಸಿರು `#70AD47` 143 ಆಗುತ್ತದೆ. ಇದಕ್ಕಿಂತ ಹತ್ತಿರ ಬರಲು ಜಾಗವೇ ಇಲ್ಲ.

ಹಾಗಾದರೆ ಬೂದಿನ ಮೆಟ್ಟಿಲುಗಳನ್ನು ದೂರದೂರ ಇಟ್ಟರಾಯಿತಲ್ಲ, ಒಂದು ಗೆರೆ 0, ಇನ್ನೊಂದು 60, ಮತ್ತೊಂದು 120, ನಾಲ್ಕನೆಯದು 180 ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು, ಹಾಗೇ ಮಾಡಿಯೂ ನೋಡಿದೆ. ಪರದೆಯ ಮೇಲೆ ಬಹಳ ಸೊಗಸಾಗಿತ್ತು. ಕಾಗದದ ಮೇಲೆ ತಿಳಿ ಗೆರೆಗಳು ಹಲ್ಲುಹಲ್ಲಾಗಿ, ಅಲ್ಲಲ್ಲಿ ಕಡಿದುಹೋಗಿ ಬಂದವು.

ಇದರ ಕಾರಣ ಲೇಸರ್ ಪ್ರಿಂಟರಿನ ಒಳಗಿದೆ. ಅದರಲ್ಲಿ ಬೂದು ಬಣ್ಣದ ಟೋನರ್ ಇರುವುದಿಲ್ಲ, ಗ್ರೇಸ್ಕೇಲಿಗೆ ಬಳಕೆಯಾಗುವುದು ಕಪ್ಪು ಮಾತ್ರ. ಬೂದು ಬೇಕೆಂದಾಗ ಅದು ಕಪ್ಪು ಚುಕ್ಕಿಗಳನ್ನು ಬಿಡಿಬಿಡಿಯಾಗಿ ಇಟ್ಟು, ನಡುವೆ ಕಾಗದದ ಬಿಳುಪನ್ನು ಬಿಟ್ಟು ನಮ್ಮ ಕಣ್ಣನ್ನು ಏಮಾರಿಸುತ್ತದೆ. ಮುದ್ರಣದವರು ಇದನ್ನು ಹಾಫ್‌ಟೋನ್ ಎನ್ನುತ್ತಾರೆ. ಈಗ ಅಳತೆ ನೋಡಿ. ಒಂದು ಅಂಗುಲಕ್ಕೆ 600 ಚುಕ್ಕಿ ಇಡುವ ಪ್ರಿಂಟರಿನಲ್ಲಿ ಹಾಫ್‌ಟೋನಿನ ಒಂದು ಚೌಕ, ಅಂಗುಲಕ್ಕೆ ನೂರು ಸಾಲಿನ ಲೆಕ್ಕದಲ್ಲಿ, ಆರು ಚುಕ್ಕಿ ಅಗಲ ಇರುತ್ತದೆ. ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ. ಅರ್ಧ ಪಾಯಿಂಟ್ ದಪ್ಪದ ಗೆರೆ ಅಲ್ಲಿ ನಾಲ್ಕು ಚುಕ್ಕಿ ಅಗಲ. ಗೆರೆಯೇ ಚೌಕಕ್ಕಿಂತ ಕಿರಿದು! ಹೀಗಾಗಿ ಗೆರೆ ಚೌಕದ ಕಪ್ಪು ಭಾಗದ ಮೇಲೆ ಹಾದರೆ ಕಾಣುತ್ತದೆ, ಬಿಳಿ ಭಾಗದ ಮೇಲೆ ಹಾದರೆ ಮಾಯವಾಗುತ್ತದೆ. ಒಂದೂವರೆ ಪಾಯಿಂಟಿನ ಗೆರೆಗೆ ಹನ್ನೆರಡು ಚುಕ್ಕಿ ಅಗಲ ಸಿಗುತ್ತದೆ, ಅಂದರೆ ಎರಡೇ ಎರಡು ಚೌಕ. ಅದರಲ್ಲಿ ಕಪ್ಪು ಮತ್ತು ನಡುಬೂದು ಎಂಬ ವ್ಯತ್ಯಾಸ ತಿಳಿದೀತು, ನಾಲ್ಕು ಮೆಟ್ಟಿಲು ತಿಳಿಯುವುದಿಲ್ಲ.

ಸ್ತಂಭ ಚಿತ್ರ, ವೃತ್ತ ಚಿತ್ರಗಳಲ್ಲಿ ತುಂಬಿದ ಜಾಗ ದೊಡ್ಡದಾಗಿರುವುದರಿಂದ ನಾಲ್ಕೈದು ಬೂದುಗಳು ಧಾರಾಳವಾಗಿ ನಿಲ್ಲುತ್ತವೆ. ಗೆರೆಗೆ ಆ ಜಾಗವಿಲ್ಲ. ಆದ್ದರಿಂದ ನಾನು ಈಗ ಅನುಸರಿಸುವ ದಾರಿ ಹೀಗಿದೆ: ಗೆರೆಗಳನ್ನೆಲ್ಲ ಅಪ್ಪಟ ಕಪ್ಪಾಗಿಸುವುದು, ವ್ಯತ್ಯಾಸವನ್ನು ಗೆರೆಯ ಆಕಾರಕ್ಕೆ ಹೊರಿಸುವುದು. ಒಂದು ಅಖಂಡ ಗೆರೆ, ಒಂದು ತುಂಡುಗೆರೆ, ಒಂದು ಚುಕ್ಕಿಗೆರೆ, ಒಂದು ತುಂಡು–ಚುಕ್ಕಿ ಬೆರೆತದ್ದು. ಅಪ್ಪಟ ಕಪ್ಪಿಗೆ ಹಾಫ್‌ಟೋನಿನ ಕಾಟವೇ ಇಲ್ಲ. ಪ್ರಿಂಟರ್ ಎಷ್ಟು ಹಳೆಯದಾದರೂ, ಆ ಪ್ರತಿಯನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿದರೂ ತುಂಡುಗೆರೆ ತುಂಡುಗೆರೆಯಾಗಿಯೇ ಉಳಿಯುತ್ತದೆ.

ಗ್ರಾಫಿನ ಮೂಲ ಕಡತ ನಿಮ್ಮ ಕೈಯಲ್ಲಿದ್ದರೆ ಕೆಲಸ ಸುಲಭ. ಎಕ್ಸೆಲ್‌ನಲ್ಲಿ ಗೆರೆಯ ಮೇಲೆ ಬಲ ಕ್ಲಿಕ್ ಮಾಡಿ `Format Data Series` ತೆರೆದು `Fill & Line` ಆರಿಸಿದರೆ ಬಣ್ಣದ ಕೆಳಗೆ `Dash type` ಸಿಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಚಿತ್ರ ಬಿಡಿಸುವ ಮೊದಲು ಈ ಸಾಲುಗಳನ್ನು ಸೇರಿಸಿದರೆ ಸಾಕು:

```
import matplotlib.pyplot as plt
from cycler import cycler
plt.rc('axes', prop_cycle=cycler(
    color=['k']*4, linestyle=['-', '--', ':', '-.']))
```

ಗೆರೆಗಳು ನಾಲ್ಕಕ್ಕಿಂತ ಹೆಚ್ಚಿದ್ದರೆ ಆಕಾರಗಳೂ ಗೊಂದಲವಾಗುತ್ತವೆ. ಆಗ ಯಾವ ಗೆರೆ ಯಾವುದೆಂದು ಹೇಳುವ ಸೂಚಿ ಪೆಟ್ಟಿಗೆಯನ್ನೇ ಕೈಬಿಟ್ಟು ಪ್ರತಿ ಗೆರೆಯ ಬಲತುದಿಯಲ್ಲಿ ಅದರ ಹೆಸರನ್ನು ಬರೆಯುವುದು ಒಳ್ಳೆಯದು. ನನ್ನನ್ನು ಕೇಳಿದರೆ ಬಣ್ಣದ ಗ್ರಾಫಿನಲ್ಲೂ ಅದೇ ಒಳ್ಳೆಯದು.

ತೊಡಕು ಇರುವುದು ಮೂಲ ಇಲ್ಲದಾಗ. ಯಾರೋ ಕಳುಹಿಸಿದ ಪಿಡಿಎಫ್ ಒಂದೇ ಕೈಯಲ್ಲಿದೆ, ಬಿಡಿಸಿದವರು ಸಿಗುವುದಿಲ್ಲ. ಆಗ ಮೊದಲು ತಿಳಿಯಬೇಕಾದದ್ದು ಆ ಗ್ರಾಫ್ ಪಿಡಿಎಫ್‌ನೊಳಗೆ ಯಾವ ರೂಪದಲ್ಲಿದೆ ಎಂಬುದು. ಪರದೆಯ ಮೇಲೆ ಎಂಟು ಪಟ್ಟು ಹಿಗ್ಗಿಸಿ ನೋಡಿ. ಗೆರೆಯ ಅಂಚು ಆಗಲೂ ಚೂಪಾಗಿದ್ದರೆ ಅದು ವೆಕ್ಟರ್, ಅಂದರೆ ‘ಇಲ್ಲಿಂದ ಅಲ್ಲಿಗೆ ಗೆರೆ ಎಳೆ’ ಎಂಬ ಆಜ್ಞೆಗಳ ಪಟ್ಟಿ. ಅಂಚು ಮಸುಕಾಗಿ ಚೌಕಚೌಕವಾದರೆ ಅದು ಚಿತ್ರ. ಎರಡಕ್ಕೂ ಮದ್ದು ಬೇರೆ.

ವೆಕ್ಟರ್ ಆಗಿದ್ದರೆ ಆ ಆಜ್ಞೆಗಳನ್ನೇ ತಿದ್ದಬಹುದು. ಪಿಡಿಎಫ್ ಒಳಗಿನ ಮಾಹಿತಿ ಸಾಮಾನ್ಯವಾಗಿ ಕುಗ್ಗಿಸಿದ ಸ್ಥಿತಿಯಲ್ಲಿರುತ್ತದೆ. ಕ್ಯೂಪಿಡಿಎಫ್ ಎಂಬ ಉಚಿತ ಉಪಕರಣ ಅದನ್ನು ಬಿಚ್ಚಿ ಓದುವಂತೆ ಮಾಡುತ್ತದೆ:

```
qpdf --qdf --object-streams=disable varadi.pdf bicchida.pdf
```

ಬಿಚ್ಚಿದ ಕಡತವನ್ನು ಪಠ್ಯ ಸಂಪಾದಕದಲ್ಲಿ ತೆರೆಯಿರಿ. ಅದರೊಳಗೆ ಅಕ್ಷರವಲ್ಲದ ಬೈಟುಗಳೂ ಇರುತ್ತವೆ, ಅವನ್ನು ಕೆಡಿಸದ ಸಂಪಾದಕವೇ ಬೇಕು. ನಾನು `vim -b` ಬಳಸುತ್ತೇನೆ. ಈಗ `RG` ಎಂದು ಹುಡುಕಿ. ನನ್ನ ಗ್ರಾಫಿನ ಕೆಂಪು ಗೆರೆಯ ಬಳಿ ಇದ್ದದ್ದು ಹೀಗೆ:

```
0.8392156863 0.1529411765 0.1568627451 RG
```

ಗಾಬರಿಯಾಗುವಂಥದ್ದೇನಿಲ್ಲ. `RG` ಎಂದರೆ ‘ಮುಂದಿನ ಗೆರೆಗಳಿಗೆ ಈ ಬಣ್ಣ’ ಎಂಬ ಆಜ್ಞೆ. ಮುಂದಿರುವ ಮೂರು ಅಂಕಿಗಳು 214, 39, 40ನ್ನು 255ರಿಂದ ಭಾಗಿಸಿದಾಗ ಬಂದವು. ಈ ಇಡೀ ತುಣುಕನ್ನು ತೆಗೆದು ಅದರ ಜಾಗದಲ್ಲಿ ಹೀಗೆ ಬರೆದೆ:

```
0 G 0 J [6 3] 0 d
```

`0 G` ಎಂದರೆ ಅಪ್ಪಟ ಕಪ್ಪು. `[6 3] 0 d` ಎಂದರೆ ಆರು ಪಾಯಿಂಟ್ ಗೆರೆ, ಮೂರು ಪಾಯಿಂಟ್ ಖಾಲಿ, ಹೀಗೇ ಮುಂದುವರಿ ಎಂದು. ಹಸಿರಿಗೆ `[1.5 2.5] 0 d`, ಕಿತ್ತಳೆಗೆ `[8 2 1.5 2] 0 d` ಕೊಟ್ಟೆ. ನೀಲಿಯನ್ನು ಅಖಂಡವಾಗಿ ಬಿಟ್ಟೆ, ಆದರೂ ಅದಕ್ಕೆ `[] 0 d` ಎಂದು ಸ್ಪಷ್ಟವಾಗಿ ಬರೆದೆ. ಯಾಕೆಂದರೆ ಪಿಡಿಎಫ್‌ನಲ್ಲಿ ಒಮ್ಮೆ ಹೇಳಿದ ಆಜ್ಞೆ ಬದಲಿಸುವವರೆಗೂ ನಡೆಯುತ್ತಿರುತ್ತದೆ. ಬರೆಯದೆ ಬಿಟ್ಟರೆ ಹಿಂದಿನ ಗೆರೆಯ ತುಂಡುತನ ಮುಂದಿನದಕ್ಕೂ ಅಂಟಿಕೊಳ್ಳಬಹುದು. ಒಮ್ಮೆ ನನ್ನ ಗ್ರಾಫಿನ ಅಕ್ಷರೇಖೆಗಳೇ ತುಂಡುಗೆರೆಗಳಾಗಿ ಬಂದದ್ದು ಇದೇ ಕಾರಣಕ್ಕೆ.

ನಡುವಿನ `0 J` ನನ್ನ ಒಂದು ಸಂಜೆಯನ್ನು ನುಂಗಿದ ಸಂಗತಿ. `J` ಗೆರೆಯ ತುದಿ ಹೇಗಿರಬೇಕೆಂದು ಹೇಳುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಅಖಂಡ ಗೆರೆಗಳಿಗೆ `2 J` ಬಳಸುತ್ತದೆ, ಅಂದರೆ ಗೆರೆಯ ತುದಿ ಅದರ ದಪ್ಪದ ಅರ್ಧದಷ್ಟು ಮುಂದೆ ಚಾಚಿಕೊಳ್ಳುತ್ತದೆ. ಅಖಂಡ ಗೆರೆಗೆ ಎರಡೇ ತುದಿ, ಯಾರಿಗೂ ಗೊತ್ತಾಗುವುದಿಲ್ಲ. ಅದೇ ಗೆರೆಯನ್ನು ತುಂಡು ಮಾಡಿದಾಗ ಪ್ರತಿ ತುಂಡೂ ಎರಡೂ ಕಡೆ ಚಾಚುತ್ತದೆ. ಒಂದೂವರೆ ಪಾಯಿಂಟ್ ದಪ್ಪದ ಗೆರೆಯಲ್ಲಿ ಪ್ರತಿ ಖಾಲಿ ಜಾಗವೂ ಒಂದೂವರೆ ಪಾಯಿಂಟ್ ಕುಗ್ಗುತ್ತದೆ. ನಾನು ಮೊದಲು ಇಟ್ಟದ್ದು `[3 1.5]`. ಖಾಲಿ ಜಾಗ ಪೂರ್ತಿ ಮುಚ್ಚಿ, ‘ತುಂಡುಗೆರೆ’ ಅಖಂಡವಾಗಿಯೇ ಕಾಣುತ್ತಿತ್ತು. ಆಜ್ಞೆ ಕೆಲಸ ಮಾಡುತ್ತಿಲ್ಲ ಎಂದು ಬೇರೆಲ್ಲೋ ಹುಡುಕುತ್ತಾ ಕುಳಿತಿದ್ದೆ. `0 J` ಎಂದರೆ ತುದಿ ಚಾಚದೆ ಅಲ್ಲಿಗೇ ನಿಲ್ಲುತ್ತದೆ.

ಸೂಚಿ ಪೆಟ್ಟಿಗೆಯಲ್ಲಿ ಅದೇ ಬಣ್ಣದ ಪುಟ್ಟ ಮಾದರಿ ಗೆರೆ ಇರುತ್ತದೆ, ಅದನ್ನೂ ಅದೇ ರೀತಿ ತಿದ್ದಬೇಕು. ಅದರ ಉದ್ದ ಸುಮಾರು ಇಪ್ಪತ್ತು ಪಾಯಿಂಟ್ ಮಾತ್ರ. ತುಂಡುಗಳನ್ನು ತೀರಾ ಉದ್ದ ಮಾಡಿದರೆ, ಉದಾಹರಣೆಗೆ `[18 6]`, ಸೂಚಿಯಲ್ಲಿ ಒಂದೇ ತುಂಡು ಕಂಡು ಅದು ಅಖಂಡ ಗೆರೆಯೆಂದು ಓದುಗರು ತಿಳಿಯುತ್ತಾರೆ. ತಿದ್ದಿ ಮುಗಿದ ಮೇಲೆ ಕಡತದೊಳಗಿನ ಉದ್ದಗಳ ಲೆಕ್ಕ ತಪ್ಪಿರುತ್ತದೆ. ಅದನ್ನು ಸರಿಪಡಿಸಲು ಕ್ಯೂಪಿಡಿಎಫ್ ಜೊತೆಗೇ ಬರುವ ಸಣ್ಣ ಉಪಕರಣವಿದೆ:

```
fix-qdf bicchida.pdf > tiddida.pdf
```

ಎಲ್ಲ ಪಿಡಿಎಫ್‌ಗಳೂ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕೆಲವು ತಂತ್ರಾಂಶಗಳು ಬಣ್ಣವನ್ನು `RG` ಬದಲು `SCN` ಎಂಬ ಆಜ್ಞೆಯಿಂದ ಹೇಳುತ್ತವೆ. ಇನ್ನು ಕೆಲವು ಗೆರೆಯನ್ನು ಗೆರೆಯಾಗಿ ಎಳೆಯದೆ, ಬಣ್ಣ ತುಂಬಿದ ಸಪೂರ ಪಟ್ಟಿಯಾಗಿ ಬಿಡಿಸಿರುತ್ತವೆ. ಅಂಥ ಪಟ್ಟಿಯನ್ನು ತುಂಡುಗೆರೆ ಮಾಡಲು ಬರುವುದಿಲ್ಲ. ಆಗ ಆ ಒಂದು ಪುಟವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದು, ಗೆರೆಯ ಪಕ್ಕದಲ್ಲೇ ಅದರ ಹೆಸರು ಬರೆದುಬಿಡುವುದು ಜಾಣತನ.

ಗ್ರಾಫ್ ಚಿತ್ರರೂಪದಲ್ಲಿದ್ದರೆ ತಿದ್ದಲು ಆಜ್ಞೆಗಳೇ ಇರುವುದಿಲ್ಲ. ಅಲ್ಲಿ ಉಳಿದಿರುವುದು ಬೂದಿನ ಸೂತ್ರವನ್ನೇ ಬದಲಿಸುವ ಉಪಾಯ. 0.3, 0.59, 0.11 ಎಂಬ ತೂಕಗಳು ದೇವರು ಬರೆದದ್ದಲ್ಲ. ಮೂರರ ಮೊತ್ತ ಒಂದಾಗಿದ್ದರೆ ಬಿಳಿ ಬಿಳಿಯಾಗಿಯೂ ಕಪ್ಪು ಕಪ್ಪಾಗಿಯೂ ಉಳಿಯುತ್ತದೆ, ನಡುವಿನ ಬಣ್ಣಗಳನ್ನು ನಮಗೆ ಬೇಕಾದಂತೆ ಸರಿಸಬಹುದು. ನಮ್ಮ ನಾಲ್ಕು ಬಣ್ಣಗಳಿಗೆ ಕೆಂಪಿನ ತೂಕವನ್ನಷ್ಟೇ ಒಂದು ಇಟ್ಟು ನೋಡಿದರೆ ನೀಲಿ 31, ಕೆಂಪು 214 ಆಗಿ ದೂರ ದೂರ ಹೋಗುತ್ತವೆ. ಆದರೆ ಕಿತ್ತಳೆ 255 ಆಗಿ ಕಾಗದದ ಬಿಳುಪಿನಲ್ಲಿ ಕರಗಿಹೋಗುತ್ತದೆ, ನೀಲಿ–ಹಸಿರು ಮತ್ತೆ ಹತ್ತಿರವಾಗುತ್ತವೆ. ಕೆಂಪಿಗೆ 0.6, ಹಸಿರಿಗೆ 0.4, ನೀಲಿಗೆ ಸೊನ್ನೆ ಕೊಟ್ಟಾಗ ನೀಲಿ 66, ಹಸಿರು 90, ಕೆಂಪು 144, ಕಿತ್ತಳೆ 204 ಬಂತು. ಮೊದಲಿನ 92, 99, 112, 153ರ ಮುಂದೆ ಇದು ಎಷ್ಟೋ ವಾಸಿ. ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಇದನ್ನು `Colors → Components → Mono Mixer` ಎಂಬಲ್ಲಿ ಮಾಡಬಹುದು, ಅಂಕಿಗಳು ಮಾತ್ರ ಅಷ್ಟಿಷ್ಟು ಬೇರೆ ಬರಬಹುದು. ಹಾಫ್‌ಟೋನಿನ ಮಿತಿ ಇಲ್ಲಿ ಹಾಗೆಯೇ ಉಳಿಯುತ್ತದೆ ಎಂಬುದು ನೆನಪಿರಲಿ. ಗೆರೆಗಳು ದಪ್ಪವಾಗಿದ್ದರೆ ಮಾತ್ರ ಈ ಶ್ರಮಕ್ಕೆ ಫಲ.

ಗ್ರಾಫುಗಳು ಸರಿಯಾದ ಮೇಲೆ ಇಡೀ ಕಡತವನ್ನು ಬೂದಾಗಿಸುವುದು ಒಂದೇ ಆಜ್ಞೆಯ ಕೆಲಸ. ಘೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಬೇಕು. ವಿಂಡೋಸ್‌ನಲ್ಲಿ `gs` ಬದಲು `gswin64c` ಎಂದು, ಸಾಲಿನ ಕೊನೆಯ `\` ಬಿಟ್ಟು ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು:

```
gs -o boodu.pdf -sDEVICE=pdfwrite \
   -sColorConversionStrategy=Gray \
   -dProcessColorModel=/DeviceGray \
   tiddida.pdf
```

ಘೋಸ್ಟ್‌ಸ್ಕ್ರಿಪ್ಟ್ ಬಣ್ಣದ ಪ್ರೊಫೈಲ್‌ಗಳ ಮೂಲಕ ಲೆಕ್ಕ ಹಾಕುವುದರಿಂದ ಅದರ ಬೂದು ನಮ್ಮ ಸೂತ್ರದ ಅಂಕಿಗಿಂತ ಅಷ್ಟಿಷ್ಟು ಬೇರೆಯಾಗುತ್ತದೆ. ಅಪ್ಪಟ ಕಪ್ಪು ಗೆರೆಗಳಿಗೆ ಅದರಿಂದ ಏನೂ ಆಗುವುದಿಲ್ಲ. ಚಿತ್ರರೂಪದ ಗ್ರಾಫುಗಳಲ್ಲಿ ಅಕ್ಷರಗಳ ಸುತ್ತ ಧೂಳು ಹಿಡಿದಂತೆ ಕಂಡರೆ ಅದು ಚಿತ್ರವನ್ನು ಜೆಪೆಗ್ ಆಗಿ ಮತ್ತೆ ಕುಗ್ಗಿಸಿದ್ದರ ಗುರುತು. `-dAutoFilterGrayImages=false -dGrayImageFilter=/FlateEncode` ಎಂಬೆರಡನ್ನೂ, ಅವೇ ಎರಡನ್ನು `Gray` ಜಾಗದಲ್ಲಿ `Color` ಹಾಕಿಯೂ, ಆಜ್ಞೆಯಲ್ಲಿ `tiddida.pdf`ಗಿಂತ ಮೊದಲು ಸೇರಿಸಿ ನೋಡಿ. ಕಡತ ದೊಡ್ಡದಾಗುತ್ತದೆ, ಧೂಳು ಹೋಗುತ್ತದೆ.

ಪ್ರಿಂಟರಿನಲ್ಲೇ ಗ್ರೇಸ್ಕೇಲ್ ಎಂಬ ಆಯ್ಕೆ ಇರುವಾಗ ಕಡತವನ್ನು ಬೂದಾಗಿಸುವುದೇಕೆ? ಕಡತ ನಿಮ್ಮ ಕೈಯಲ್ಲಿ ಬೂದಾದರೆ ಕಾಗದಕ್ಕೆ ಹೋಗುವ ಮೊದಲೇ ನೋಡಬಹುದು ಎಂಬುದು ಒಂದು. ಇನ್ನೊಂದು ಲೆಕ್ಕದ್ದು. ಮುದ್ರಣ ಯಂತ್ರಗಳು ಬಣ್ಣದ ಪುಟ, ಕಪ್ಪು ಪುಟ ಎಂದು ಬೇರೆ ಬೇರೆ ಎಣಿಸುತ್ತವೆ. ಪುಟದ ಮೂಲೆಯಲ್ಲಿ ಒಂದು ನೀಲಿ ಕೊಂಡಿ ಇದ್ದರೂ, ಕಣ್ಣಿಗೆ ಕಪ್ಪೆಂದೇ ಕಾಣುವ ಆದರೆ ನಾಲ್ಕು ಶಾಯಿ ಬೆರೆತ ಶೀರ್ಷಿಕೆ ಇದ್ದರೂ ಆ ಪುಟ ಬಣ್ಣದ ಲೆಕ್ಕಕ್ಕೆ ಸೇರಬಹುದು. ಇದನ್ನು ಮೊದಲೇ ತಿಳಿಯಲು ಘೋಸ್ಟ್‌ಸ್ಕ್ರಿಪ್ಟ್ ಬಳಿ ಒಂದು ದಾರಿ ಇದೆ:

```
gs -o - -sDEVICE=inkcov boodu.pdf
```

ಪ್ರತಿ ಪುಟಕ್ಕೂ ನಾಲ್ಕು ಅಂಕಿಗಳ ಒಂದು ಸಾಲು ಬರುತ್ತದೆ: ಸಯಾನ್, ಮಜೆಂಟಾ, ಹಳದಿ, ಕಪ್ಪು, ಈ ಕ್ರಮದಲ್ಲಿ. ಪುಟದ ಎಷ್ಟು ಭಾಗದಲ್ಲಿ ಆ ಶಾಯಿ ಬಿದ್ದಿದೆ ಎಂಬ ಅಂಶ ಅದು. ಬೂದಾದ ಕಡತದಲ್ಲಿ ಮೊದಲ ಮೂರೂ ಸೊನ್ನೆಯಾಗಿರಬೇಕು. ಯಾವುದಾದರೂ ಪುಟದಲ್ಲಿ ಸೊನ್ನೆಯಲ್ಲದ್ದು ಕಂಡರೆ ಅಲ್ಲಿ ಬಣ್ಣ ಇನ್ನೂ ಅಡಗಿದೆ ಎಂದರ್ಥ.

ಕೊನೆಗೆ ಗ್ರಾಫ್ ಇರುವ ಒಂದು ಪುಟವನ್ನು ಮಾತ್ರ, ಪ್ರತಿಗಳು ಹೋಗುವ ಯಂತ್ರದಲ್ಲೇ, ಹೋಗುವ ಅಳತೆಯಲ್ಲೇ ಮುದ್ರಿಸಿ ನೋಡಬೇಕು. ಪರದೆ ಹಾಫ್‌ಟೋನ್ ತೋರಿಸುವುದಿಲ್ಲ. ಒಂದು ಹಾಳೆಗೆ ಎರಡು ಪುಟ ಕೂರಿಸುವುದಾದರೆ ಎಲ್ಲವೂ ಸುಮಾರು 71 ಪ್ರತಿಶತಕ್ಕೆ ಕುಗ್ಗುತ್ತದೆ, ಚುಕ್ಕಿಗೆರೆಯ ಎರಡೂವರೆ ಪಾಯಿಂಟ್ ಖಾಲಿ ಜಾಗ ಎರಡಕ್ಕಿಂತ ಕಡಿಮೆಯಾಗುತ್ತದೆ. ಕೈಚಾಚಿದಷ್ಟು ದೂರದಲ್ಲಿ ಹಾಳೆ ಹಿಡಿದು, ಗೆರೆಗಳು ದಾಟುವ ಜಾಗದಲ್ಲಿ ಬೆರಳಿಟ್ಟು ಒಂದೊಂದನ್ನೇ ಹಿಂಬಾಲಿಸಿ. ಬೆರಳು ತಡವರಿಸಿದರೆ ಗೆರೆಗಳ ಆಕಾರ ಇನ್ನೂ ಬೇರೆಯಾಗಬೇಕು.

ನನ್ನ ವರದಿಯ ಆ ಪುಟ ಇಷ್ಟೆಲ್ಲ ಆದ ಮೇಲೆ ಸ್ವಚ್ಛವಾಗಿ ಬಂತು. ಪ್ರತಿಗಳನ್ನು ಹಂಚಿದ ಮೇಲೆ ಒಬ್ಬರು ಗ್ರಾಫಿನ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು: ‘ಕೆಂಪು ಗೆರೆಯಲ್ಲಿ ಕಾಣುವ ಏರಿಕೆಯನ್ನು ಗಮನಿಸಿ.’ ಅದನ್ನು ‘ತುಂಡುಗೆರೆ’ ಎಂದು ತಿದ್ದುವುದು ನನಗೆ ಮರೆತೇಹೋಗಿತ್ತು.